ನೆಟ್‌ವರ್ಕ್ ಇಲ್ಲದ ಹೊಲದಲ್ಲಿ ರೋಗ ಗುರುತಿಸುವ ಫೋನ್

ಪೂರ್ವ ಆಫ್ರಿಕಾದ ಟಾಂಜಾನಿಯಾ, ಕೀನ್ಯಾ, ಉಗಾಂಡಾ ದೇಶಗಳ ಸಣ್ಣ ರೈತರ ಮುಖ್ಯ ಆಹಾರಬೆಳೆಗಳಲ್ಲಿ ಒಂದಾದ ಮರಗೆಣಸನ್ನು ಎರಡು ನಂಜುರೋಗಗಳು ವಿಶೇಷವಾಗಿ ಕಾಡುತ್ತವೆ. ಮೊಸಾಯಿಕ್ ರೋಗ ತಗುಲಿದ ಗಿಡದ ಎಳೆಯ ಎಲೆಗಳಲ್ಲಿ ಹಳದಿ ಮಚ್ಚೆಗಳು ಮೂಡಿ ಎಲೆ ಮುರುಟಿಕೊಳ್ಳುತ್ತದೆ. ಕಂದು ಗೀರು ರೋಗದಲ್ಲಿ ಕೆಳಗಿನ ಬಲಿತ ಎಲೆಗಳ ನರಗಳ ಉದ್ದಕ್ಕೂ ಹಳದಿ ಹರಡುತ್ತದೆ, ನೆಲದೊಳಗಿನ ಗೆಡ್ಡೆ ಕಂದಾಗಿ ಕೆಡುತ್ತದೆ. ಎರಡನ್ನೂ ಬಿಳಿ ನೊಣ ಹರಡುತ್ತದೆ, ರೋಗವಿರುವ ಗಿಡದಿಂದ ಕತ್ತರಿಸಿ ನೆಟ್ಟ ಕಾಂಡದ ತುಂಡೂ ಹರಡುತ್ತದೆ. ರೋಗ ಹಿಡಿದ ಗಿಡವನ್ನು ವಾಸಿಮಾಡುವ ಔಷಧವಿಲ್ಲದ ಕಾರಣ, ಯಾವ ಗಿಡವನ್ನು ಕಿತ್ತುಹಾಕಬೇಕು, ಯಾವುದರಿಂದ ನಾಟಿಗೆ ಕಾಂಡ ತೆಗೆಯಬಾರದು ಎಂಬುದನ್ನು ಹೊಲದಲ್ಲಿ ನಿಂತೇ ತಿಳಿಯಬೇಕಾಗುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಪ್ಲಾಂಟ್‌ವಿಲೇಜ್ ತಂಡವು ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯೊಂದಿಗೆ ಸೇರಿ ರೂಪಿಸಿದ ‘ನುರು’ ಎಂಬ ಆ್ಯಪ್ ಈ ಕೆಲಸವನ್ನು ಇಂಟರ್‌ನೆಟ್ ಸಂಪರ್ಕವಿಲ್ಲದೆ, ಫೋನಿನೊಳಗೇ ಮಾಡುತ್ತದೆ. ಚಿತ್ರಗಳಿಂದ ಕಲಿತ ಗಣಿತದ ಮಾದರಿಯೊಂದು ಪ್ರಯೋಗಾಲಯದ ಕಂಪ್ಯೂಟರಿನಿಂದ ರೈತನ ಜೇಬಿಗೆ ಬರುವ ದಾರಿಯಲ್ಲಿ ತನ್ನ ನಿಖರತೆಯನ್ನು ಎಲ್ಲೆಲ್ಲಿ ಕಳೆದುಕೊಳ್ಳಬಹುದು ಎಂಬುದನ್ನು ಈ ಆ್ಯಪಿನ ಇತಿಹಾಸ ಚೆನ್ನಾಗಿ ತೋರಿಸುತ್ತದೆ.

2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಟಾಂಜಾನಿಯಾದ ಹೊಲಗಳಲ್ಲಿ ತೆಗೆದ 2,756 ಮರಗೆಣಸಿನ ಎಲೆಗಳ ಚಿತ್ರಗಳಿಂದ ‘ಇನ್ಸೆಪ್ಷನ್ ವಿ3’ ಎಂಬ ಕೃತಕ ನರಜಾಲಕ್ಕೆ ತರಬೇತಿ ಕೊಡಲಾಗಿತ್ತು. ತಾನು ಹಿಂದೆ ನೋಡಿರದ ಚಿತ್ರಗಳಲ್ಲಿ ಅದರ ಅತ್ಯುತ್ತಮ ಆವೃತ್ತಿ ಶೇ. 93ರಷ್ಟು ಸರಿಯಾಗಿ ರೋಗವನ್ನು ಗುರುತಿಸಿತು. ನರಜಾಲವೆಂದರೆ ಚಿತ್ರದ ಬಿಂದುಗಳನ್ನು ಪದರದಿಂದ ಪದರಕ್ಕೆ ಗುಣಿಸಿ ಕೂಡಿಸುತ್ತ, ಕೊನೆಯಲ್ಲಿ ಪ್ರತಿ ರೋಗಕ್ಕೂ ಒಂದೊಂದು ಅಂಕ ನೀಡುವ ಲೆಕ್ಕಾಚಾರ. ಗುಣಿಸಲು ಬಳಸುವ ಸಂಖ್ಯೆಗಳಿಗೆ ತೂಕಾಂಕಗಳೆಂದು ಹೆಸರು. ಇನ್ಸೆಪ್ಷನ್ ವಿ3ರಲ್ಲಿ ಇಂಥ ಸುಮಾರು 2.4 ಕೋಟಿ ತೂಕಾಂಕಗಳಿದ್ದು, ಒಂದೊಂದಕ್ಕೆ 4 ಬೈಟ್‌ನಂತೆ ಅವು ಸುಮಾರು 95 ಎಂಬಿ ಜಾಗ ಹಿಡಿಯುತ್ತವೆ. ಅಗ್ಗದ ಫೋನಿಗೆ ಈ ಗಾತ್ರವೂ ಭಾರ, ಅದರ ಹಿಂದಿನ ಲೆಕ್ಕದ ಹೊರೆಯೂ ಭಾರ.

ಫೋನುಗಳಿಗೆಂದೇ ಗೂಗಲ್ 2017ರಲ್ಲಿ ಪ್ರಕಟಿಸಿದ ‘ಮೊಬೈಲ್‌ನೆಟ್’ ವಿನ್ಯಾಸ ಇಲ್ಲಿ ನೆರವಿಗೆ ಬರುತ್ತದೆ. ಸಾಮಾನ್ಯ ನರಜಾಲದ ಪದರವು ಒಂದು ಬಿಂದುವಿನ ಅಕ್ಕಪಕ್ಕವನ್ನೂ ಅದರ ಎಲ್ಲ ಬಣ್ಣ-ಲಕ್ಷಣಗಳನ್ನೂ ಒಂದೇ ಸಲ ಸೇರಿಸಿ ಲೆಕ್ಕ ಹಾಕಿದರೆ, ಮೊಬೈಲ್‌ನೆಟ್ ಮೊದಲು ಅಕ್ಕಪಕ್ಕವನ್ನು ಮಾತ್ರ ನೋಡಿ, ಆಮೇಲೆ ಲಕ್ಷಣಗಳನ್ನು ಬೆರೆಸುತ್ತದೆ. ಇದರಿಂದ ಗುಣಾಕಾರಗಳು ಎಂಟೊಂಬತ್ತು ಪಟ್ಟು ಕಡಿಮೆಯಾಗುತ್ತವೆ. ಇದರ ಮೊದಲ ಆವೃತ್ತಿಯ ಸುಮಾರು 42 ಲಕ್ಷ ತೂಕಾಂಕಗಳಿಗೆ 17 ಎಂಬಿ ಸಾಕು. ಅವುಗಳನ್ನು 4 ಬೈಟ್‌ಗಳ ದಶಮಾಂಶ ಸಂಖ್ಯೆಗಳ ಬದಲು 1 ಬೈಟಿನ ಪೂರ್ಣಾಂಕಗಳಾಗಿ ಬರೆದಿಟ್ಟರೆ ಗಾತ್ರ ಸುಮಾರು 4 ಎಂಬಿಗೆ ಇಳಿಯುತ್ತದೆ. ಒಂದು ಪದರದ ತೂಕಾಂಕಗಳೆಲ್ಲ −1.27 ಮತ್ತು 1.27ರ ನಡುವೆ ಇವೆ ಎಂದಿಟ್ಟುಕೊಂಡರೆ, 0.01ನ್ನು ಅಳತೆಯ ಮಾನವಾಗಿ ಹಿಡಿದು, 0.534 ಎಂಬ ತೂಕಾಂಕವನ್ನು 53 ಎಂದು ಬರೆದುಕೊಳ್ಳಬಹುದು. ಮರಳಿ ಓದುವಾಗ ಅದು 0.53 ಆಗುತ್ತದೆ, ನಷ್ಟ 0.004 ಮಾತ್ರ. ಆದರೆ ಪದರಗಳ ನಡುವೆ ಹರಿಯುವ ಸಂಖ್ಯೆಗಳ ಮಿತಿಯನ್ನು ಹೀಗೆ ನಿರ್ಧರಿಸಲು ಕೆಲವು ನೂರು ಮಾದರಿ ಚಿತ್ರಗಳನ್ನು ಹಾಯಿಸಿ ನೋಡಬೇಕಾಗುತ್ತದೆ. ಆ ಚಿತ್ರಗಳೆಲ್ಲ ಒಂದೇ ಬಗೆಯ ಹದವಾದ ಬೆಳಕಿನಲ್ಲಿ ತೆಗೆದವಾದರೆ, ನಡುಹಗಲ ಬಿಸಿಲಿನ ಎಲೆಯೊಂದು ಬಂದಾಗ ಅಂದಾಜಿನ ಮಿತಿಯನ್ನು ಮೀರಿದ ಸಂಖ್ಯೆಗಳೆಲ್ಲ ಮೊಟಕಾಗಿ, ತೆಳು ಹಳದಿಗೂ ಗಾಢ ಹಳದಿಗೂ ಇರುವ ವ್ಯತ್ಯಾಸ ಅಳಿಸಿಹೋಗಬಹುದು.

ಗಾತ್ರವನ್ನು ಇಳಿಸುವುದಕ್ಕಿಂತಲೂ ಹೆಚ್ಚು ಮೋಸಗೊಳಿಸುವ ತಪ್ಪುಗಳು ಕ್ಯಾಮೆರಾ ಮತ್ತು ಮಾದರಿಯ ನಡುವೆ ಅಡಗಿರುತ್ತವೆ. ತರಬೇತಿಯಲ್ಲಿ ಬಿಂದುಗಳ ಮೌಲ್ಯವನ್ನು −1ರಿಂದ 1ರವರೆಗಿನ ಅಳತೆಗೆ ಬದಲಿಸಿದ್ದು, ಆ್ಯಪಿನಲ್ಲಿ 0ಯಿಂದ 1ರವರೆಗೆ ಬದಲಿಸಿದ್ದರೆ, ಮಾದರಿಗೆ ಪ್ರತಿ ಎಲೆಯೂ ಪೇಲವವಾಗಿ, ಅತಿ ಬೆಳಕಿನಲ್ಲಿ ಇಟ್ಟಂತೆ ಕಾಣುತ್ತದೆ. ಕೆಂಪು ಮತ್ತು ನೀಲಿಯ ಸ್ಥಾನ ಅದಲುಬದಲಾದರೆ, ಹಳದಿಯನ್ನೇ ಆಧರಿಸಿದ ರೋಗನಿರ್ಣಯ ಕುಸಿಯುತ್ತದೆ. ರೋಗಗಳ ಹೆಸರಿರುವ `labels.txt` ಕಡತದಲ್ಲಿ ಎರಡು ಸಾಲು ಹಿಂದುಮುಂದಾದರೆ ಆರೋಗ್ಯವಂತ ಗಿಡಕ್ಕೆ ರೋಗದ ಹೆಸರು ಬೀಳಬಹುದು. ಇವುಗಳಲ್ಲಿ ಯಾವುದರಿಂದಲೂ ಆ್ಯಪ್ ಸ್ಥಗಿತಗೊಳ್ಳುವುದಿಲ್ಲ, ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ; ತಪ್ಪು ಉತ್ತರ ಮಾತ್ರ ಬರುತ್ತದೆ. ಇದನ್ನು ಪತ್ತೆಹಚ್ಚುವ ಉಪಾಯ ಸರಳವಾದದ್ದು: ಕೆಲವು ಚಿತ್ರಗಳನ್ನು ಆರಿಸಿ ಕಂಪ್ಯೂಟರಿನಲ್ಲಿ ಮೂಲ ಮಾದರಿ ನೀಡುವ ಅಂಕಗಳನ್ನು ಬರೆದಿಟ್ಟು, ಅವೇ ಚಿತ್ರಗಳನ್ನು ಫೋನಿನಲ್ಲಿ ಹಾಯಿಸಿ ಹೋಲಿಸಬೇಕು. ಅಂಕಗಳು ಅಲ್ಪಸ್ವಲ್ಪ ಬೇರೆಯಾದರೆ ಅದು ಪೂರ್ಣಾಂಕಗಳಿಗೆ ಇಳಿಸಿದ್ದರ ಫಲ. ರೋಗದ ಹೆಸರೇ ಮತ್ತೆಮತ್ತೆ ಬದಲಾದರೆ ದೋಷವನ್ನು ಈ ನಡುದಾರಿಯಲ್ಲಿ ಹುಡುಕಬೇಕು.

ಇಷ್ಟೆಲ್ಲ ಸರಿಹೋದ ಮೇಲೂ ಹೊಲವೆಂಬ ಪರೀಕ್ಷೆ ಉಳಿದಿರುತ್ತದೆ. 2019ರಲ್ಲಿ ಅದೇ ತಂಡದ ಸಂಶೋಧಕರು ಫೋನಿಗೆ ಇಳಿಸಿದ ಮಾದರಿಯನ್ನು ಟಾಂಜಾನಿಯಾದ ಹೊಲವೊಂದರಲ್ಲಿ ರೋಗವಿದ್ದ 720 ಕಿರುಎಲೆಗಳ ಮೇಲೆ ಪರೀಕ್ಷಿಸಿದರು. ಇಂಥ ಪರೀಕ್ಷೆಯಲ್ಲಿ ಎರಡು ಅಳತೆಗಳಿವೆ: ‘ರೋಗವಿದೆ’ ಎಂದದ್ದರಲ್ಲಿ ಎಷ್ಟು ನಿಜ ಎಂಬುದು ಒಂದು, ನಿಜವಾಗಿ ಇದ್ದ ರೋಗದಲ್ಲಿ ಎಷ್ಟನ್ನು ಕಂಡುಹಿಡಿಯಿತು ಎಂಬುದು ಇನ್ನೊಂದು. ಎರಡನ್ನೂ ಕೂಡಿಸಿ ಹೇಳುವ ಎಫ್-1 ಎಂಬ ಸೂಚ್ಯಂಕವು, ಲಕ್ಷಣಗಳು ಎದ್ದುಕಾಣುತ್ತಿದ್ದ ಎಲೆಗಳ ಚಿತ್ರಗಳಲ್ಲಿಯೂ ಶೇ. 32ರಷ್ಟು ಕುಸಿಯಿತು, ಕುಸಿತಕ್ಕೆ ಕಾರಣ ಎರಡನೆಯ ಅಳತೆಯಲ್ಲಿ ಆದ ಇಳಿಕೆ. ಅಂದರೆ ಹೊಲದ ಬೆಳಕು, ಎಲೆಯ ಓರೆ, ಕೈಯ ಅಲುಗಾಟಗಳ ನಡುವೆ ಮಾದರಿಯು ಇದ್ದ ರೋಗವನ್ನು ಕಾಣದೆ ಬಿಟ್ಟುಬಿಡುತ್ತಿತ್ತು.

ರೋಗವಿದೆ ಎಂದು ಹೇಳಲು ಬೇಕಾದ ಕನಿಷ್ಠ ಅಂಕವನ್ನು ತಗ್ಗಿಸಿದರೆ ತಪ್ಪಿಹೋಗುವ ಎಲೆಗಳು ಕಡಿಮೆಯಾಗುತ್ತವೆ, ಸುಳ್ಳು ಎಚ್ಚರಿಕೆಗಳು ಹೆಚ್ಚುತ್ತವೆ. ಹೊಂದಿಕೆ ಎಲ್ಲಿರಬೇಕೆಂಬುದನ್ನು ರೈತನ ನಷ್ಟ ನಿರ್ಧರಿಸುತ್ತದೆ: ನಾಟಿಯ ಕಾಂಡ ಆರಿಸುವಾಗ ಒಳ್ಳೆಯ ಗಿಡವೊಂದನ್ನು ಬಿಟ್ಟರೆ ಹೆಚ್ಚೇನೂ ಹೋಗುವುದಿಲ್ಲ, ರೋಗವಿರುವ ಗಿಡವನ್ನು ಆರಿಸಿದರೆ ಮುಂದಿನ ಬೆಳೆಗೂ ರೋಗ ಸಾಗುತ್ತದೆ, ಆದ್ದರಿಂದ ಅಲ್ಲಿ ತಗ್ಗಿದ ಮಿತಿಯೇ ಲೇಸು. ಗಿಡವನ್ನೇ ಕೀಳುವ ಸಲಹೆಗೆ ಇನ್ನಷ್ಟು ಖಚಿತತೆ ಬೇಕು.

ಆ ಖಚಿತತೆ ಒಂದೇ ಎಲೆಯಿಂದ ಸಿಗುವುದು ಕಷ್ಟ. 2020ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ನುರು ಶೇ. 65ರಷ್ಟು ಸರಿಯಾಗಿ ಲಕ್ಷಣಗಳನ್ನು ಗುರುತಿಸಿತು. ಕೃಷಿ ವಿಸ್ತರಣಾ ಕಾರ್ಯಕರ್ತರ ಪ್ರಮಾಣ ಶೇ. 40ರಿಂದ 58, ರೈತರದು 18ರಿಂದ 31 ಇತ್ತು. ಗಿಡವೊಂದರ ಆರು ಎಲೆಗಳನ್ನು ನೋಡಿ ತೀರ್ಮಾನಿಸುವಂತೆ ಮಾಡಿದಾಗ ನುರುವಿನ ನಿಖರತೆ ಶೇ. 74ರಿಂದ 88ರವರೆಗೆ ಏರಿತು. ಒಂದು ರೋಗ ಎಳೆಯ ಎಲೆಗಳಲ್ಲಿ, ಮತ್ತೊಂದು ಬಲಿತ ಎಲೆಗಳಲ್ಲಿ ಹೆಚ್ಚು ಕಾಣುವುದರಿಂದ ಮೇಲಿನ ಒಂದೇ ಎಲೆಯನ್ನು ನೋಡಿ ಹೇಳಿದ ಮಾತು ಅಪೂರ್ಣವಾಗಿರುವುದು ಸಹಜ. ಗಮನಿಸಬೇಕಾದದ್ದೆಂದರೆ ಈ ಏರಿಕೆಗೆ ದೊಡ್ಡ ನರಜಾಲ ಬೇಕಾಗಲಿಲ್ಲ; ಆರು ಎಲೆ ತೋರಿಸಿ ಎಂದು ಕೇಳುವುದು ಸಾಕಾಯಿತು.

ಎಲೆಯಲ್ಲಿ ಲಕ್ಷಣ ತೋರಿಸದೆ ಗೆಡ್ಡೆಯನ್ನು ಮಾತ್ರ ಕೆಡಿಸುವ ಕಂದು ಗೀರು ರೋಗವನ್ನು ಫೋನಿನ ಕ್ಯಾಮೆರಾ ಕಾಣಲಾರದು. ಕಲಿಯದ ರೋಗವೊಂದು ಎದುರಾದಾಗಲೂ ಮಾದರಿಯು ತನಗೆ ಗೊತ್ತಿರುವ ಹೆಸರುಗಳಲ್ಲೇ ಒಂದನ್ನು ಆರಿಸುವುದರಿಂದ, ಅಂಕ ಸಾಲದಿದ್ದರೆ ‘ಗುರುತಿಸಲಾಗಲಿಲ್ಲ’ ಎನ್ನುವ ಉತ್ತರವನ್ನು ಆ್ಯಪಿನಲ್ಲಿ ಬೇರೆಯಾಗಿ ಅಳವಡಿಸಬೇಕಾಗುತ್ತದೆ. ಹಾಗಿದ್ದೂ ಹೆಚ್ಚಿನ ಅಂಕದೊಡನೆ ತಪ್ಪು ಹೆಸರು ಬರುವ ಸಾಧ್ಯತೆ ಪೂರ್ತಿ ಹೋಗುವುದಿಲ್ಲ. ಸಂಪರ್ಕವಿಲ್ಲದ ಆ್ಯಪಿನ ತಪ್ಪುಗಳು ತಯಾರಕರ ಕಣ್ಣಿಗೆ ತಾವಾಗಿ ಬೀಳವು. ಆದುದರಿಂದ ಚಿತ್ರವನ್ನೂ ಉತ್ತರವನ್ನೂ ಮಾದರಿಯ ಆವೃತ್ತಿಯ ಸಂಖ್ಯೆಯನ್ನೂ ರೈತನ ಒಪ್ಪಿಗೆಯೊಂದಿಗೆ ಫೋನಿನಲ್ಲಿ ಉಳಿಸಿಕೊಂಡು, ನೆಟ್‌ವರ್ಕ್ ಸಿಕ್ಕಾಗ ಕಳುಹಿಸುವ ವ್ಯವಸ್ಥೆಯೂ ಮಾದರಿಯ ಆ ಪುಟ್ಟ ಕಡತದ ಜೊತೆಗೇ ಇರಬೇಕು. ಅದಿಲ್ಲದಿದ್ದರೆ ಎರಡನೆಯ ಆವೃತ್ತಿ ಮೊದಲನೆಯದಕ್ಕಿಂತ ಮೇಲೋ ಕೀಳೋ ಎಂದು ಹೇಳಲು ಆಧಾರವೇ ಇರುವುದಿಲ್ಲ.