ಗೇಮ್‌ನಲ್ಲಿ ಮುಂದೆ ಓಡಿದವರು ದಿಢೀರನೆ ಹಿಂದಕ್ಕೆ ಬರುವುದೇಕೆ?

ಆನ್‌ಲೈನ್ ಶೂಟಿಂಗ್ ಗೇಮ್ ಆಡುತ್ತಿದ್ದೀರಿ. ಬಾಗಿಲು ದಾಟಿ ಮನೆಯೊಳಗೆ ಕಾಲಿಟ್ಟಾಗಿದೆ. ಅಷ್ಟರಲ್ಲಿ ಯಾರೋ ಕಾಲರ್ ಹಿಡಿದು ಎಳೆದ ಹಾಗೆ ಮತ್ತೆ ಬಾಗಿಲ ಹೊರಗೆ ನಿಂತಿರುತ್ತೀರಿ. ಆಡುವವರು ಇದಕ್ಕೆ ರಬ್ಬರ್ ಬ್ಯಾಂಡಿಂಗ್ ಎನ್ನುತ್ತಾರೆ. ‘ದುಡ್ಡು ಕಟ್ಟದವರನ್ನು ಗೇಮ್‌ನವರೇ ಹೀಗೆ ಎಳೆಯುತ್ತಾರೆ, ಈ ಫೈಲ್ ಹಾಕಿಕೊಂಡರೆ ನಿಲ್ಲುತ್ತದೆ’ ಎಂಬ ಫಾರ್ವರ್ಡ್ ಒಂದನ್ನು ನನ್ನ ಚಿಕ್ಕಪ್ಪನ ಮಗ ಕಳಿಸಿದ್ದ. ಎಳೆಯುವುದು ನಿಜ. ಕಾರಣ ಬೇರೆ.

ಇಂಥ ಬಹಳಷ್ಟು ಗೇಮ್‌ಗಳಲ್ಲಿ ಯಾರು ಎಲ್ಲಿದ್ದಾರೆ ಎಂದು ತೀರ್ಮಾನಿಸುವುದು ನಿಮ್ಮ ಫೋನ್ ಅಲ್ಲ, ಸರ್ವರ್. ಫೋನ್ ಕಳಿಸುವುದು ‘ಬಲಕ್ಕೆ ಒತ್ತಿದರು’ ಎಂಬ ಸಂದೇಶವನ್ನಷ್ಟೇ. ‘ನಾನು ಇಲ್ಲಿದ್ದೇನೆ’ ಎಂದು ಫೋನ್ ಹೇಳಿದ್ದನ್ನೆಲ್ಲ ಸರ್ವರ್ ನಂಬಿದರೆ, ಮೋಸ ಮಾಡುವವರು ಒಂದೇ ಕ್ಷಣದಲ್ಲಿ ಮ್ಯಾಪಿನ ಆಚೆ ತುದಿಗೆ ಹೋಗಿ ನಿಲ್ಲಬಹುದಲ್ಲ!

ಆದರೆ ಸರ್ವರ್ ದೂರದಲ್ಲಿರುತ್ತದೆ. ಅದು ಸಿಂಗಪುರದಲ್ಲಿದೆ ಅಂದುಕೊಳ್ಳಿ. ಬೆಂಗಳೂರಿನಿಂದ ನೇರ ಗೆರೆ ಎಳೆದರೂ 3,000 ಕಿ.ಮೀ.ಗಿಂತ ಹೆಚ್ಚು. ಫೈಬರ್ ಕೇಬಲ್ಲಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. ಹಾಗಾಗಿ ಸಂದೇಶ ಹೋಗಿ ಉತ್ತರ ಬರಲು ಏನೇ ಮಾಡಿದರೂ 30 ಮಿಲಿಸೆಕೆಂಡ್ ಬೇಕು. ಕೇಬಲ್ಲಿನ ಸುತ್ತುದಾರಿ, ಮೊಬೈಲ್ ಟವರ್ ಎಲ್ಲ ಸೇರಿದರೆ ಇನ್ನೂ ಹೆಚ್ಚು. ಪರದೆಯ ಮೂಲೆಯಲ್ಲಿ ಪಿಂಗ್ ಎಂದು ಕಾಣುವ ಸಂಖ್ಯೆ ಇದೇ. ಒತ್ತಿದ ಮೇಲೆ ಉತ್ತರಕ್ಕೆ ಕಾದು ಕಾಲೆತ್ತಿದರೆ ಆಟ ಕೆಸರಿನಲ್ಲಿ ನಡೆದಂತಿರುತ್ತದೆ. ಟೆಲಿಫೋನ್ ಮೋಡೆಮ್‌ನಲ್ಲಿ ಕ್ವೇಕ್ ಆಡುತ್ತಿದ್ದವರ ಗೋಳು ಇದೇ ಆಗಿತ್ತು. 1996ರಲ್ಲಿ ಜಾನ್ ಕಾರ್ಮ್ಯಾಕ್ ಅದರ ಕ್ವೇಕ್‌ವರ್ಲ್ಡ್ ಆವೃತ್ತಿಗೆ ಒಂದು ಉಪಾಯ ಸೇರಿಸಿದರು: ಉತ್ತರಕ್ಕೆ ಕಾಯದೆ, ಸರ್ವರ್ ಏನು ಹೇಳಬಹುದು ಎಂದು ಆಟಗಾರರ ಯಂತ್ರವೇ ಊಹಿಸಿ ಕೂಡಲೇ ತೋರಿಸುವುದು.

ಒಂದು ಲೆಕ್ಕ ನೋಡೋಣ. ನೀವು 10ನೇ ಜಾಗದಲ್ಲಿದ್ದೀರಿ, ಪಿಂಗ್ 200 ಮಿಲಿಸೆಕೆಂಡ್. ಒಮ್ಮೆ ಬಲಕ್ಕೆ ಒತ್ತಿದಿರಿ. ಫೋನ್ ಅದಕ್ಕೆ 1 ಎಂದು ನಂಬರ್ ಹಾಕಿ ಸರ್ವರಿಗೆ ಕಳಿಸುತ್ತದೆ, ತಕ್ಷಣವೇ ನಿಮ್ಮನ್ನು 11ರಲ್ಲಿ ತೋರಿಸುತ್ತದೆ. 100 ಮಿಲಿಸೆಕೆಂಡ್ ಬಿಟ್ಟು ಮತ್ತೆ ಒತ್ತಿದಿರಿ. ಅದು 2ನೇ ನಂಬರ್, ನೀವೀಗ 12ರಲ್ಲಿ. ಆಮೇಲೆ ಮೊದಲನೆಯದಕ್ಕೆ ಉತ್ತರ ಬರುತ್ತದೆ: ‘1ರವರೆಗೆ ನೋಡಿದೆ, ನೀನು 11ರಲ್ಲಿದ್ದೀಯ.’ ಇದನ್ನು ಹಾಗೇ ಒಪ್ಪಿದರೆ ಏನೂ ತಪ್ಪಿಲ್ಲದಿದ್ದರೂ 12ರಿಂದ 11ಕ್ಕೆ ಜಾರುತ್ತೀರಿ, ಏಕೆಂದರೆ ಆ ಉತ್ತರ ಹಳೆಯದು. ಅದಕ್ಕಾಗಿ ಫೋನ್, ಇನ್ನೂ ಉತ್ತರ ಬಾರದ ಒತ್ತುಗಳ ಪಟ್ಟಿ ಇಟ್ಟುಕೊಂಡಿರುತ್ತದೆ. ಪಟ್ಟಿಯಿಂದ 1 ತೆಗೆದು, ಸರ್ವರ್ ಹೇಳಿದ 11ರಿಂದ ಶುರುಮಾಡಿ, ಉಳಿದ 2ನ್ನು ಮತ್ತೆ ಆಡಿಸುತ್ತದೆ. ಉತ್ತರ 12. ನೀವು ನಿಂತಿರುವುದೂ ಅಲ್ಲೇ, ಆದ್ದರಿಂದ ನಿಮಗೆ ಏನೂ ಗೊತ್ತಾಗುವುದಿಲ್ಲ. ಈ ತಾಳೆ ನೋಡುವ ಕೆಲಸ ಆಟದುದ್ದಕ್ಕೂ ನಡೆಯುತ್ತಲೇ ಇರುತ್ತದೆ.

ನಿಮ್ಮ ಮೊದಲ ಒತ್ತು ಸರ್ವರ್ ತಲುಪುವ ಮುನ್ನವೇ ಒಳಗಿದ್ದವರು ಬಾಗಿಲು ಹಾಕಿದರು ಅಂತಿಟ್ಟುಕೊಳ್ಳಿ. ಅದು ನಿಮ್ಮ ಫೋನಿಗೆ ಗೊತ್ತಿಲ್ಲ, ಹಾಗಾಗಿ ಬಾಗಿಲು ದಾಟಿಸಿ 12ರಲ್ಲಿ ನಿಲ್ಲಿಸಿದೆ. ಸರ್ವರಿನಿಂದ ಬರುವುದು ‘ಬಾಗಿಲು ಹಾಕಿದೆ, ನೀನು ಇನ್ನೂ 10ರಲ್ಲೇ ಇದ್ದೀಯ’ ಎಂಬ ಉತ್ತರ. ಈಗ 10ರಿಂದ ಮತ್ತೆ ಆಡಿಸಿದರೂ ಎದುರಿಗೆ ಬಾಗಿಲು. ನೀವು 12ರಿಂದ 10ಕ್ಕೆ ವಾಪಸ್. ಕಾಲರ್ ಹಿಡಿದು ಎಳೆದದ್ದು ಇದೇ. ನಿಮ್ಮ ಒತ್ತಿನ ಸಂದೇಶ ದಾರಿಯಲ್ಲೇ ಕಳೆದುಹೋದರೂ ಹೀಗೇ ಆಗುತ್ತದೆ, ಸರ್ವರ್ ಪಾಲಿಗೆ ನೀವು ಆ ಹೆಜ್ಜೆ ಇಟ್ಟೇ ಇಲ್ಲ.

ಊಹೆ ನಡೆಯುವುದು ಮುಖ್ಯವಾಗಿ ನಿಮ್ಮ ಆಟಗಾರನ ಮಟ್ಟಿಗೆ. ಎದುರಾಳಿ ಮುಂದೆ ಏನು ಒತ್ತುತ್ತಾರೆಂದು ನಿಮ್ಮ ಫೋನಿಗೆ ಹೇಗೆ ತಿಳಿಯಬೇಕು? ಹಾಗಾಗಿ ಅವರನ್ನು ಸಾಮಾನ್ಯವಾಗಿ ಸ್ವಲ್ಪ ಹಿಂದಿನ ಜಾಗದಲ್ಲಿ ತೋರಿಸಲಾಗುತ್ತದೆ.

ಇನ್ನು ಆ ಫೈಲ್. ಅದು ಕೇಬಲ್ಲನ್ನು ಗಿಡ್ಡ ಮಾಡಲಾರದು. ‘ಡಬಲ್ ಸ್ಪೀಡ್’ ಕೊಡುವ ಫೈಲ್ ಆದರೂ ಅಷ್ಟೇ: ಲೆಕ್ಕ ಸರ್ವರಿನ ಕೈಯಲ್ಲಿರುವ ಗೇಮ್‌ಗಳಲ್ಲಿ ನಿಮ್ಮ ಪರದೆಯ ಮೇಲೆ ವೇಗವಾಗಿ ಓಡಿ, ಮರುಕ್ಷಣ ಮತ್ತೆ ಹಿಂದಕ್ಕೆ ಬರುತ್ತೀರಿ. ಫೋನಿನ ಮಾತು ನಂಬುವ ಗೇಮ್‌ಗಳಲ್ಲಿ ಮೋಸ ನಡೆಯಬಹುದು, ಅಕೌಂಟ್ ಬ್ಯಾನ್ ಆಗಲೂಬಹುದು. ಎರಡರಲ್ಲೂ, ಗೊತ್ತಿಲ್ಲದವರು ಕಳಿಸಿದ ಆ್ಯಪ್ ನಿಮ್ಮ ಬ್ಯಾಂಕ್ ಎಸ್‌ಎಂಎಸ್ ಬರುವ ಫೋನಿನೊಳಗೆ ಕೂತಿರುತ್ತದೆ.

ತೊಂದರೆ ನೆಟ್‌ವರ್ಕಿನದೋ ಫೋನಿನದೋ ತಿಳಿಯಲು ಸುಲಭ ದಾರಿಯಿದೆ. ಎಳೆತ ಶುರುವಾದಾಗ ನಿಂತಲ್ಲೇ ಸುತ್ತ ತಿರುಗಿ ನೋಡಿ. ನೋಟ ತಿರುಗಿಸಲು ಸಾಮಾನ್ಯವಾಗಿ ಸರ್ವರಿಗೆ ಕಾಯಬೇಕಿಲ್ಲ. ತಿರುಗುವುದೂ ತಡವರಿಸಿದರೆ ಫೋನ್ ಬಿಸಿಯಾಗಿರಬಹುದು ಅಥವಾ ಅದಕ್ಕೆ ಗೇಮ್ ಭಾರವಾಗಿರಬಹುದು. ತಿರುಗುವುದು ಸಲೀಸಾಗಿದ್ದು, ನಡೆದರೆ ಮಾತ್ರ ಹಿಂದಕ್ಕೆ ಬಂದರೆ, ವೈಫೈ ರೂಟರ್ ಹತ್ತಿರ ಹೋಗಿ ಇಲ್ಲವೇ ಗೇಮ್‌ನಲ್ಲಿ ಹತ್ತಿರದ ಸರ್ವರ್ ಆರಿಸಿ.