ಮೋಟಾರ್ ಓಡುತ್ತಿದೆಯೋ, ಟ್ಯಾಂಕ್ ಸೋರುತ್ತಿದೆಯೋ?

34 ವರ್ಷದ ಒಬ್ಬ ಶಿಕ್ಷಕಿಯನ್ನು ಕಲ್ಪಿಸಿಕೊಳ್ಳಿ. ಮೂರು ತಿಂಗಳಲ್ಲಿ 8 ಕಿಲೋ ಇಳಿದಿದ್ದಾರೆ. ಊಟ ಬಿಟ್ಟಿಲ್ಲ, ಒಂದು ಮುದ್ದೆ ಉಣ್ಣುತ್ತಿದ್ದವರಿಗೆ ಈಗ ಎರಡು ಉಂಡರೂ ಹಸಿವು. ಬೋರ್ಡಿನ ಮೇಲೆ ಬರೆಯುವಾಗ ಕೈ ನಡುಗುತ್ತದೆ. ಮೆಟ್ಟಿಲು ಹತ್ತಿದರೆ ಎದೆ ಡವಡವ. ಸಕ್ಕರೆ ಕಾಯಿಲೆಯೇನೋ ಎಂದು ಹೆದರಿ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಸರಿಯಾಗಿದೆ. ಇಸಿಜಿಯಲ್ಲಿ ಬಡಿತ ನಿಮಿಷಕ್ಕೆ 118 ಎಂಬುದು ಬಿಟ್ಟರೆ ಬೇರೆ ದೋಷ ಕಾಣಲಿಲ್ಲ. “ಟೆನ್ಷನ್ ಕಡಿಮೆ ಮಾಡ್ಕೊಳ್ಳಿ” ಎಂಬ ಮಾತು ಕೇಳಿಕೊಂಡು ಮನೆಗೆ ಬಂದರು.

ಟೆನ್ಷನ್ ಹೌದೋ ಅಲ್ಲವೋ ಎಂಬುದಕ್ಕೆ ಮನೆಯಲ್ಲೇ ಒಂದು ಸುಳಿವು ಸಿಗುತ್ತದೆ. ಆತಂಕದಿಂದ ಏರಿದ ನಾಡಿ ಗಾಢ ನಿದ್ದೆಯಲ್ಲಿ ಇಳಿಯುತ್ತದೆ. ಥೈರಾಯ್ಡ್ ಅತಿಯಾದವರ ನಾಡಿ ನಿದ್ದೆಯಲ್ಲೂ ಓಡುತ್ತಿರುತ್ತದೆ. ಆತಂಕಕ್ಕೆ ಬೆವರಿದ ಅಂಗೈ ಸಾಮಾನ್ಯವಾಗಿ ತಣ್ಣಗಿರುತ್ತದೆ, ಇವರದು ಬೆಚ್ಚಗಿರುತ್ತದೆ. ಥೈರಾಯ್ಡ್ ಹಾರ್ಮೋನು ಹೆಚ್ಚಾದಾಗ ಜೀವಕೋಶಗಳು ಇಂಧನವನ್ನು ಬೇಗಬೇಗ ಉರಿಸುತ್ತವೆ. ಉಂಡದ್ದು ಸಾಲದೆ ಕೊಬ್ಬು, ಸ್ನಾಯು ಎರಡೂ ಕರಗುತ್ತವೆ, ಹೃದಯಕ್ಕೆ ಬಿಡುವು ಸಿಗುವುದಿಲ್ಲ.

ದೃಢಪಡಿಸಲು ಮೊದಲು ಬೇಕಾದದ್ದು ಒಂದು ರಕ್ತ ಪರೀಕ್ಷೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್ಎಚ್ ಎಂಬ ಹಾರ್ಮೋನಿನ ಮೂಲಕ ಥೈರಾಯ್ಡಿಗೆ “ತಯಾರಿಸು” ಎಂದು ಹೇಳುತ್ತಿರುತ್ತದೆ. ರಕ್ತದಲ್ಲಿ ಹಾರ್ಮೋನು ಮಿತಿಮೀರಿದರೆ ಆ ಆಜ್ಞೆ ನಿಲ್ಲುತ್ತದೆ. ಟಿಎಸ್ಎಚ್ ಸಾಮಾನ್ಯವಾಗಿ 0.4ರಿಂದ 4ರವರೆಗೆ ಇರಬೇಕು, ಶಿಕ್ಷಕಿಯದು 0.01ಕ್ಕಿಂತ ಕಡಿಮೆ. ಟಿ3, ಟಿ4 ಎರಡೂ ಏರಿವೆ. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಕೂದಲು ಉದುರುತ್ತದೆಂದು ಹೆಚ್ಚು ಪ್ರಮಾಣದ ಬಯೋಟಿನ್ ಮಾತ್ರೆ ನುಂಗುವವರಲ್ಲಿ ಆರೋಗ್ಯವಂತರ ವರದಿಯೂ ಹೀಗೇ ಬರಬಹುದು. ಅದನ್ನು ಕನಿಷ್ಠ ಎರಡು ದಿನ ನಿಲ್ಲಿಸಿ ರಕ್ತ ಕೊಡಬೇಕು.

ವರದಿ ಬಂದ ತಕ್ಷಣ ಮಾತ್ರೆ ಶುರುಮಾಡುವುದು ಅವಸರವಾದೀತು. ಮಾಳಿಗೆಯ ಮೇಲಿನ ಟ್ಯಾಂಕಿನಿಂದ ನೀರು ಹರಿಯುತ್ತಿದೆ ಎಂದುಕೊಳ್ಳಿ. ಮೋಟಾರ್ ನಿಲ್ಲದೆ ತುಂಬಿ ಹರಿಯುತ್ತಿರಬಹುದು, ಇಲ್ಲವೇ ಟ್ಯಾಂಕೇ ಸೀಳಿರಬಹುದು. ಥೈರಾಯ್ಡ್ ವಾರಗಟ್ಟಲೆಗೆ ಸಾಲುವಷ್ಟು ಹಾರ್ಮೋನನ್ನು ಕೂಡಿಟ್ಟುಕೊಂಡಿರುತ್ತದೆ. ವೈರಸ್ ಸೋಂಕಿನ ನಂತರವೋ ಹೆರಿಗೆಯಾದ ಮೇಲೋ ಗ್ರಂಥಿ ಊದಿಕೊಂಡರೆ ಆ ದಾಸ್ತಾನು ಸೋರುತ್ತದೆ. ಅದು ಹೆಚ್ಚಾಗಿ ಕೆಲವು ವಾರಗಳಲ್ಲಿ ತಾನೇ ಖಾಲಿಯಾಗುತ್ತದೆ. ತಯಾರಿಕೆ ತಡೆಯುವ ಮಾತ್ರೆಯಿಂದ ಅಲ್ಲಿ ಪ್ರಯೋಜನವಿಲ್ಲ. ಗ್ರೇವ್ಸ್ ಕಾಯಿಲೆಯಲ್ಲಿ ಹಾಗಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಾಗಿ ತಯಾರಿಸಿದ ಪ್ರತಿಕಾಯಗಳು ಟಿಎಸ್ಎಚ್‌ನ ವೇಷದಲ್ಲಿ ಥೈರಾಯ್ಡಿನ ಸ್ವಿಚ್ಚನ್ನು ಒತ್ತಿ ಹಿಡಿದಿರುತ್ತವೆ. ಈ ಪ್ರತಿಕಾಯಗಳನ್ನು ರಕ್ತದಲ್ಲಿ ಅಳೆಯಬಹುದು. ಟೆಕ್ನೀಷಿಯಂ ಸ್ಕ್ಯಾನಿನಲ್ಲೂ ವ್ಯತ್ಯಾಸ ಎದ್ದು ಕಾಣುತ್ತದೆ: ಗ್ರೇವ್ಸ್‌ನಲ್ಲಿ ಇಡೀ ಗ್ರಂಥಿ ಹೊಳೆಯುತ್ತದೆ, ಒಂದೇ ಗಂಟು ಅತಿಯಾಗಿ ದುಡಿಯುತ್ತಿದ್ದರೆ ಅದೊಂದೇ ಹೊಳೆಯುತ್ತದೆ, ಸೋರಿಕೆಯಲ್ಲಿ ಗ್ರಂಥಿ ಬಹುತೇಕ ಕಾಣುವುದೇ ಇಲ್ಲ. ಗರ್ಭಿಣಿಯರಿಗೆ ಈ ಸ್ಕ್ಯಾನ್ ಮಾಡುವುದಿಲ್ಲ.

ಶಿಕ್ಷಕಿಯದು ಗ್ರೇವ್ಸ್. ಎದೆಬಡಿತ, ನಡುಕ ತಗ್ಗಲು ಪ್ರೊಪ್ರನಲಾಲ್ ಕೊಟ್ಟರು (ಆಸ್ತಮಾ ಇದ್ದಿದ್ದರೆ ಕೊಡುತ್ತಿರಲಿಲ್ಲ), ಜೊತೆಗೆ ದಿನಕ್ಕೆ 20 ಮಿಲಿಗ್ರಾಂ ಕಾರ್ಬಿಮಜೋಲ್. ಹದಿನೈದು ದಿನವಾದರೂ ತೂಕ ಏರಲಿಲ್ಲವೆಂದು ಅವರು ಬೇಸರಪಟ್ಟರು. ಮೋಟಾರ್ ನಿಂತರೂ ಟ್ಯಾಂಕಿನಲ್ಲಿರುವ ನೀರು ಖಾಲಿಯಾಗಬೇಕಲ್ಲ. ಫಲ ಕಾಣಲು ನಾಲ್ಕರಿಂದ ಆರು ವಾರ ಬೇಕು. ಮಾತ್ರೆಯ ಪ್ರಮಾಣ ಇಳಿಸುತ್ತಾ ಒಟ್ಟು 12ರಿಂದ 18 ತಿಂಗಳು ಮುಂದುವರಿಸುತ್ತಾರೆ. ನಿಲ್ಲಿಸಿದ ಮೇಲೆ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಕಾಯಿಲೆ ಮರಳುತ್ತದೆ.

ಮರಳಿದಾಗ ಎರಡು ದಾರಿಗಳು ಮುಖ್ಯವಾಗುತ್ತವೆ. ಥೈರಾಯ್ಡ್ ಅಯೋಡಿನ್ನನ್ನು ಹೀರಿಕೊಳ್ಳುತ್ತದೆ. ವಿಕಿರಣಶೀಲ ಅಯೋಡಿನ್-131ನ್ನು ನುಂಗಿಸಿದರೆ ಅದನ್ನೂ ಹೀರುತ್ತದೆ. ಅದರ ಬೀಟಾ ಕಿರಣಗಳು ಒಂದೆರಡು ಮಿಲಿಮೀಟರಿನಾಚೆ ಹೋಗದ ಕಾರಣ ಪೆಟ್ಟು ಬಹುಮಟ್ಟಿಗೆ ಗ್ರಂಥಿಗೇ ಬೀಳುತ್ತದೆ. ಗರ್ಭಿಣಿಯರಿಗೂ ಹಾಲೂಡಿಸುವವರಿಗೂ ಇದು ನಿಷಿದ್ಧ. ಚಿಕಿತ್ಸೆಯಾದ ಮೇಲೂ ಕನಿಷ್ಠ ಆರು ತಿಂಗಳು ಗರ್ಭ ಧರಿಸಬಾರದು. ಗ್ರೇವ್ಸ್‌ನಿಂದ ಕಣ್ಣು ಉಬ್ಬಿ ಕೆಂಪಾಗಿದ್ದರೆ ಈ ಚಿಕಿತ್ಸೆಯಿಂದ ಅದು ಹೆಚ್ಚಾಗಬಹುದು. ಗಂಟಲಗಡ್ಡೆ ದೊಡ್ಡದಾಗಿ ಉಸಿರಾಟಕ್ಕೆ ಒತ್ತುತ್ತಿದ್ದರೆ ಶಸ್ತ್ರಚಿಕಿತ್ಸೆಯೇ ವಾಸಿ. ಆದರೆ ಅದಕ್ಕೆ ಮೊದಲು ಮಾತ್ರೆಯಿಂದ ಹಾರ್ಮೋನನ್ನು ಹತೋಟಿಗೆ ತರಬೇಕು. ಧ್ವನಿಯ ನರ ಮತ್ತು ಕ್ಯಾಲ್ಸಿಯಂ ಕಾಯುವ ಪುಟ್ಟ ಗ್ರಂಥಿಗಳು ಅಲ್ಲೇ ಅಂಟಿಕೊಂಡಿರುವುದರಿಂದ, ಈ ಕೆಲಸದಲ್ಲಿ ಕೈ ಪಳಗಿದ ಸರ್ಜನ್ ಬೇಕು. ಗ್ರಂಥಿ ಪೂರ್ತಿ ತೆಗೆದವರಿಗೂ ಅಯೋಡಿನ್ ಪಡೆದ ಬಹುಪಾಲು ಜನರಿಗೂ ಜೀವನವಿಡೀ ದಿನಕ್ಕೊಂದು ಥೈರಾಕ್ಸಿನ್ ಮಾತ್ರೆ ಬೇಕು. ಏರಿಳಿಯುವ ಕಾಯಿಲೆಗಿಂತ ಅದು ಎಷ್ಟೋ ಹಗುರ ಎಂಬುದು ನನ್ನ ಅಭಿಪ್ರಾಯ.

ಶಿಕ್ಷಕಿಯಂತೆ ಕಾರ್ಬಿಮಜೋಲ್ ತೆಗೆದುಕೊಳ್ಳುತ್ತಿರುವವರಲ್ಲಿ ಒಂದು ಕೋರಿಕೆ. ತೂಕ ಮರಳಿತೆಂದು ನೀವಾಗಿ ಮಾತ್ರೆ ಬಿಡಬೇಡಿ. ಜ್ವರ, ಗಂಟಲು ನೋವು ಅಥವಾ ಬಾಯಿ ಹುಣ್ಣು ಬಂದರೆ ಮಾತ್ರ ಆ ಮಾತ್ರೆಯನ್ನು ಕೂಡಲೇ ನಿಲ್ಲಿಸಿ, ಅದೇ ದಿನ ವೈದ್ಯರನ್ನು ಕಂಡು ಬಿಳಿ ರಕ್ತಕಣಗಳ ಎಣಿಕೆ ಮಾಡಿಸಿ. ಅಪರೂಪಕ್ಕಾದರೂ ಈ ಮಾತ್ರೆ ಬಿಳಿಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ.