ಎರಡೆರಡು ಹೆಜ್ಜೆ ಹಾಕುತ್ತಿದ್ದ ಪಾಳಿ

ದಾವಣಗೆರೆಯಲ್ಲಿ ಸೋಲಾರ್ ವಾಟರ್ ಹೀಟರ್ ಮಾರುವ ಒಂದು ಅಂಗಡಿ. ಅವರ ವೆಬ್‌ಸೈಟಿನಲ್ಲಿ ಹೆಸರು, ಫೋನ್, ಇಮೇಲ್, ಊರು ತುಂಬಿ ಕಳಿಸುವ ಒಂದು ಫಾರಂ ಇತ್ತು. ಯಾರಾದರೂ ತುಂಬಿದರೆ ಅದು ಆಫೀಸಿನ ಜಿಮೇಲ್‌ಗೆ ಪತ್ರವಾಗಿ ಬರುತ್ತಿತ್ತು. ಮ್ಯಾನೇಜರ್ ಬೆಳಿಗ್ಗೆ ಬಂದವರೇ ಪತ್ರ ತೆರೆದು, ಎದುರಿಗೆ ಯಾರು ಕಂಡರೋ ಅವರಿಗೆ ‘ಇದೊಂದು ನೋಡ್ಕಳಿ’ ಎಂದು ಕೂಗಿ ಹೇಳುತ್ತಿದ್ದರು. ಎದುರಿಗೆ ಕೂತವರಿಗೆ ಗಿರಾಕಿ ಹೆಚ್ಚು, ಒಳಗಿನ ಕೋಣೆಯವರಿಗೆ ಕಡಿಮೆ. ಮಾರಾಟದ ಮೇಲೆ ಕಮಿಷನ್ ಇದ್ದ ಜಾಗ ಅದು, ಗೊಣಗಾಟ ಇಲ್ಲದೆ ಇರುತ್ತದೆಯೇ? ಬಂದ ಪತ್ರ ತಾನಾಗಿ ಗಿರಾಕಿ ಪಟ್ಟಿಗೆ ಸೇರಬೇಕು, ಪಾಳಿ ಪ್ರಕಾರ ಒಬ್ಬೊಬ್ಬರ ಹೆಸರಿಗೆ ಬೀಳಬೇಕು, ಹಾಗೆ ಮಾಡಿಕೊಡಿ ಎಂದು ನನ್ನನ್ನು ಕರೆದರು.

ಪಟ್ಟಿ ಎಂದರೆ ಒಂದು ಗೂಗಲ್ ಶೀಟ್, ಅಷ್ಟೆ. ಜಿಮೇಲ್‌ನಲ್ಲಿ ಒಂದು ಫಿಲ್ಟರ್ ಹಾಕಿದೆ. ಫಾರಂನ ವಿಳಾಸದಿಂದ ಬಂದ ಪತ್ರವೆಲ್ಲ ಇನ್‌ಬಾಕ್ಸಿಗೆ ಹೋಗದೆ ನೇರ ಒಂದು ಲೇಬಲ್ ಅಡಿ ಸೇರಲಿ ಎಂದು. ಆ ಲೇಬಲ್ ಅನ್ನು ಐದು ನಿಮಿಷಕ್ಕೊಮ್ಮೆ ಆಪ್ಸ್ ಸ್ಕ್ರಿಪ್ಟ್ ನೋಡುತ್ತದೆ, ಹೊಸ ಪತ್ರ ಇದ್ದರೆ ಅದರೊಳಗಿನ ಹೆಸರು, ಫೋನ್ ಕಿತ್ತು ಶೀಟಿಗೆ ಒಂದು ಸಾಲು ಸೇರಿಸುತ್ತದೆ.

ಮೊದಲ ದಿನವೇ ಒಂದು ಪೆಟ್ಟು ಬಿತ್ತು. ಒಬ್ಬರೇ ಎರಡು ಸಲ ಬರೆದರೆ ಎರಡು ಸಾಲು ಆಗಬಾರದಲ್ಲ, ಅದಕ್ಕೆ ಕಳಿಸಿದವರ ಇಮೇಲ್ ವಿಳಾಸ ಪಟ್ಟಿಯಲ್ಲಿ ಇದೆಯೇ ಎಂದು ನೋಡುತ್ತಿದ್ದೆ. ಸಂಜೆ ಹೊತ್ತಿಗೆ ಪಟ್ಟಿಯಲ್ಲಿ ಒಬ್ಬನೇ ಗಿರಾಕಿ. ಫಾರಂನಿಂದ ಬರುವ ಪತ್ರವನ್ನು ಕಳಿಸುವುದು ಗಿರಾಕಿಯಲ್ಲ, ವೆಬ್‌ಸೈಟ್. ಕಳಿಸಿದವರು ಎನ್ನುವ ಜಾಗದಲ್ಲಿ ಯಾವಾಗಲೂ `wordpress@` ಎಂದು ಶುರುವಾಗುವ ಒಂದೇ ವಿಳಾಸ. ಗಿರಾಕಿಯ ವಿಳಾಸ ಇರುವುದು `Reply-To` ಎಂಬ ಸಾಲಿನಲ್ಲಿ. ಅದು ಹಾಗೇ ಇರಬೇಕು ಕೂಡ. ಗಿರಾಕಿಯ ಜಿಮೇಲ್ ವಿಳಾಸವನ್ನೇ ಹಾಕಿಕೊಂಡು ಇನ್ಯಾವುದೋ ಸರ್ವರ್ ಪತ್ರ ಕಳಿಸಿದರೆ, ಆ ಸರ್ವರ್‌ಗೆ ಜಿಮೇಲ್ ಹೆಸರಲ್ಲಿ ಕಳಿಸುವ ಹಕ್ಕಿಲ್ಲ ಎಂದು ಪತ್ರ ಸ್ಪ್ಯಾಮ್‌ಗೆ ಬೀಳುತ್ತದೆ. ಹಾಗಾಗಿ ಇಮೇಲನ್ನೇ ಬಿಟ್ಟು ಫೋನ್ ನಂಬರಿನ ಕೊನೆಯ ಹತ್ತು ಅಂಕಿಯನ್ನು ಗುರುತಾಗಿ ಇಟ್ಟುಕೊಂಡೆ. ಒಬ್ಬರು +91 ಹಾಕುತ್ತಾರೆ, ಒಬ್ಬರು ಮುಂದೆ ಸೊನ್ನೆ, ಇನ್ನೊಬ್ಬರು ನಡುವೆ ಗೆರೆ. ಕೊನೆಯ ಹತ್ತು ಮಾತ್ರ ಎಲ್ಲರದ್ದೂ ಒಂದೇ ಥರ.

ಪಾಳಿಗೆ ಒಂದು ಎಣಿಕೆ ಇಟ್ಟೆ. ಸ್ಕ್ರಿಪ್ಟಿನ ಪ್ರಾಪರ್ಟಿಗಳಲ್ಲಿ `turn` ಎಂಬ ಹೆಸರಿನಲ್ಲಿ ಒಂದು ಸಂಖ್ಯೆ. ಅದನ್ನು ಜನರ ಸಂಖ್ಯೆಯಿಂದ ಭಾಗಿಸಿ ಉಳಿದ ಶೇಷ ಎಷ್ಟೋ, ಪಟ್ಟಿಯಲ್ಲಿ ಆ ಜಾಗದವರಿಗೆ ಗಿರಾಕಿ. ಶೀಟಿನ ಸಾಲಿನ ಸಂಖ್ಯೆಯಿಂದಲೇ ಲೆಕ್ಕ ಹಾಕಬಹುದಿತ್ತು, ಆದರೆ ಯಾರೋ ಒಂದು ಸಾಲು ಅಳಿಸಿದರೆ ಪಾಳಿ ಹಿಂದಕ್ಕೆ ಹೋಗುತ್ತದೆ. ಎಣಿಕೆ ಬೇರೆ ಇರುವುದೇ ಸರಿ ಎಂದುಕೊಂಡೆ. ಬರೆದದ್ದು ಹೀಗೆ:

```
const i = Number(props.getProperty('turn') || 0);
const owner = team[i % team.length];
props.setProperty('turn', String(i + 1));
if (rowOf(phone)) return;
addRow(name, phone, owner);
```

ತಪ್ಪು ಇಲ್ಲಿಯೇ ಇದೆ. ಈಗ ನೋಡಿದರೆ ಕಣ್ಣಿಗೆ ಹೊಡೆಯುತ್ತದೆ, ಆಗ ಹೊಡೆಯಲಿಲ್ಲ. ಯಾಕೆಂದರೆ ಮೊದಲ ಹತ್ತು ದಿನ ಎಲ್ಲ ಅಚ್ಚುಕಟ್ಟಾಗಿ ನಡೆಯಿತು.

ಅಲ್ಲಿದ್ದವರು ನಾಲ್ವರು. ಅವರನ್ನು ಅ, ಆ, ಇ, ಈ ಎಂದು ಕರೆಯೋಣ. ಕೊನೆಯವರಾದ ಈ ಮೇಡಂ ತಂಗಿಯ ಬಾಣಂತನಕ್ಕೆಂದು ಊರಿಗೆ ಹೋಗಿದ್ದರು, ಹಾಗಾಗಿ ಶುರುವಿಗೆ ಪಟ್ಟಿಯಲ್ಲಿ ಮೂವರೇ. ಹದಿನೆಂಟು ಗಿರಾಕಿ ಬಂದರು, ತಲಾ ಆರು. ಮ್ಯಾನೇಜರ್ ಖುಷಿಯಾಗಿ ನನಗೆ ಬೆಣ್ಣೆ ದೋಸೆ ಕೊಡಿಸಿದರು. ಆಮೇಲೆ ಈ ಮೇಡಂ ವಾಪಸ್ ಬಂದರು, ನಾಲ್ಕನೇ ಹೆಸರು ಸೇರಿಸಿದೆ. ಮುಂದಿನ ಎಂಟು ಗಿರಾಕಿಗಳಲ್ಲಿ ಅ ಅವರಿಗೆ ನಾಲ್ಕು, ಇ ಅವರಿಗೆ ನಾಲ್ಕು. ಆ ಮತ್ತು ಈ ಇಬ್ಬರಿಗೂ ಒಂದೂ ಇಲ್ಲ.

‘ಮೇಡಂ ಬರೋ ತನಕ ಸರಿ ಇತ್ತು ಸಾರ್’ ಎಂದರು ಆ. ತಮಾಷೆಗೆ ಅಂದದ್ದಿರಬಹುದು. ಆದರೆ ಸೊನ್ನೆ ಗಿರಾಕಿ ಸಿಕ್ಕ ಈ ಮೇಡಂಗೆ ಅದು ತಮಾಷೆ ಎನಿಸಲಿಲ್ಲ. ಅವರ ಹೆಸರಿನ ಕಾಗುಣಿತ ತಪ್ಪಾಗಿದೆಯೇ ಎಂದು ನೋಡಿದೆ, ಇಲ್ಲ. ಹಾಗಿದ್ದರೂ ಆ ಅವರಿಗೆ ಯಾಕೆ ನಿಂತುಹೋಯಿತು? ಒಂದು ಸುಳ್ಳು ಹೆಸರು, ಸುಳ್ಳು ಫೋನ್ ಕೊಟ್ಟು ಎಡಿಟರಿನಲ್ಲೇ ಒಂದು ಸಲ ಓಡಿಸಿ ನೋಡಿದೆ. ಸಾಲು ಬಂತು, ಅ ಅವರ ಹೆಸರಿಗೆ ಬಿತ್ತು, ಕೋಡಿನಲ್ಲಿ ಏನೂ ದೋಷ ಕಾಣಲಿಲ್ಲ. ಆ ಸಾಲು ಅಳಿಸಿ ಮನೆಗೆ ಹೋದೆ.

ಮಾರನೇ ದಿನದಿಂದ ದೂರು ಪಕ್ಷ ಬದಲಾಯಿಸಿತು. ಐದು ಗಿರಾಕಿ ಬಂದರು: ಆ, ಈ, ಆ, ಈ, ಆ. ಈಗ ಸೊನ್ನೆ ಅ ಮತ್ತು ಇ ಅವರದ್ದು. ನಾನು ಯಾರ ಪರವೋ ಕೈ ಆಡಿಸಿದ್ದೇನೆ ಎಂದು ಇಬ್ಬರಿಗೆ ಗುಮಾನಿ. ನಿಜ ಹೇಳಬೇಕೆಂದರೆ ಆ ದಿನ ನನಗೆ ಬೇಸರಕ್ಕಿಂತ ಹೆಚ್ಚಾಗಿ ಉತ್ಸಾಹವೇ ಇತ್ತು. ಯದ್ವಾತದ್ವಾ ಕೆಟ್ಟದ್ದನ್ನು ಹುಡುಕುವುದು ಕಷ್ಟ. ಇದು ಒಬ್ಬರನ್ನು ಬಿಟ್ಟು ಒಬ್ಬರಿಗೆ, ನಿಯಮ ಹಿಡಿದು ಕೆಡುತ್ತಿತ್ತು. ಮೂವರಿದ್ದರೆ ಸರಿ, ನಾಲ್ವರಿದ್ದರೆ ಕೆಡುತ್ತದೆ, ನಾನು ಒಂದು ಸಲ ಮುಟ್ಟಿದರೆ ಆ ಕಡೆಯಿಂದ ಈ ಕಡೆಗೆ ಜಿಗಿಯುತ್ತದೆ.

ಪ್ರಾಪರ್ಟಿಗಳನ್ನು ತೆರೆದು `turn` ಎಷ್ಟಿದೆ ಎಂದು ನೋಡಿದೆ. 63. ಶೀಟಿನಲ್ಲಿ ಇದ್ದ ಸಾಲು ಹದಿನೆಂಟು, ಎಂಟು, ಐದು, ಒಟ್ಟು 31. ಮೂವತ್ತೊಂದರ ಎರಡು ಪಟ್ಟು 62, ನನ್ನ ಸುಳ್ಳು ಗಿರಾಕಿಯದ್ದೊಂದು. ಲೆಕ್ಕ ಪೈಸಾ ಪೈಸಾ ಸರಿಹೋಯಿತು. ಪ್ರತಿ ಗಿರಾಕಿಗೂ ಪಾಳಿ ಎರಡೆರಡು ಹೆಜ್ಜೆ ಹಾಕುತ್ತಿತ್ತು.

ಬೆರಳು ಮಡಚಿ ಎಣಿಸಿದರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ನಾಲ್ವರ ಸಾಲಿನಲ್ಲಿ ಎರಡೆರಡು ಹೆಜ್ಜೆ ಹಾಕಿದರೆ ಒಂದು, ಮೂರು, ಒಂದು, ಮೂರು. ಎರಡನೆಯವರನ್ನೂ ನಾಲ್ಕನೆಯವರನ್ನೂ ಎಂದಿಗೂ ಮುಟ್ಟುವುದಿಲ್ಲ. ಮೂವರ ಸಾಲಿನಲ್ಲಾದರೆ ಒಂದು, ಮೂರು, ಎರಡು, ಮತ್ತೆ ಒಂದು. ಎಲ್ಲರನ್ನೂ ಮುಟ್ಟಿಯೇ ಮುಟ್ಟುತ್ತದೆ, ಕ್ರಮ ಬೇರೆ ಅಷ್ಟೆ. ನಮ್ಮ ಮೊದಲ ಹತ್ತು ದಿನದ ಸುಖಕ್ಕೆ ಕಾರಣ ಮೂರು ಬೆಸ ಸಂಖ್ಯೆ ಎನ್ನುವುದು. ಈ ಮೇಡಂ ಮಾಡಿದ ಅಪರಾಧ ಸಾಲನ್ನು ಸಮ ಮಾಡಿದ್ದು. ಐದನೆಯವರೊಬ್ಬರು ಕೆಲಸಕ್ಕೆ ಸೇರಿದ್ದರೆ ದೋಷ ಮತ್ತೆ ಅಡಗಿ ಕೂತು, ಯಾರೋ ಒಬ್ಬರು ರಜೆ ಹಾಕುವ ತನಕ ಕಾಯುತ್ತಿತ್ತು.

ಎರಡನೇ ಹೆಜ್ಜೆ ಎಲ್ಲಿಂದ ಬಂತು ಎನ್ನುವುದು ಲೇಬಲ್ ತೆರೆದ ಕೂಡಲೇ ಸಿಕ್ಕಿತು. ಪ್ರತಿ ಗಿರಾಕಿಯ ಹೆಸರಲ್ಲೂ ಎರಡು ಪತ್ರ. ಒಂದು ಆಫೀಸಿಗೆ ಬಂದ ವಿಚಾರಣೆ. ಇನ್ನೊಂದು ‘ನಿಮ್ಮ ವಿವರ ತಲುಪಿದೆ, ಕರೆ ಮಾಡುತ್ತೇವೆ’ ಎಂದು ಗಿರಾಕಿಗೆ ಹೋದ ಉತ್ತರದ ಪ್ರತಿ. ವೆಬ್‌ಸೈಟಿನಲ್ಲಿದ್ದದ್ದು ಕಾಂಟ್ಯಾಕ್ಟ್ ಫಾರಂ 7. ಅದರಲ್ಲಿ ಇಂಥ ಉತ್ತರ ಕಳಿಸಲಿಕ್ಕೆಂದೇ `Mail (2)` ಎಂಬ ಎರಡನೇ ಪತ್ರದ ಸೌಲಭ್ಯವಿದೆ. ಅದನ್ನು ಹಾಕಿದವರು ಗಿರಾಕಿಯ ಹೆಸರು, ಫೋನನ್ನು ಅದರಲ್ಲೂ ಬರೆಸಿ, ಆಫೀಸಿನ ವಿಳಾಸವನ್ನು ಸಿಸಿಯಲ್ಲಿ ಇಟ್ಟಿದ್ದರು. ಎರಡೂ ಒಂದೇ ವಿಳಾಸದಿಂದ ಹೊರಡುವುದರಿಂದ ನನ್ನ ಫಿಲ್ಟರ್ ಎರಡನ್ನೂ ಹಿಡಿಯಿತು. ಇನ್‌ಬಾಕ್ಸಿಗೆ ಬಾರದಂತೆ ನಾನೇ ಮಾಡಿದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಫೋನ್ ನಂಬರ್ ಒಂದೇ ಎಂದು ಎರಡನೆಯದನ್ನು ಸ್ಕ್ರಿಪ್ಟ್ ಎಸೆಯುತ್ತಿತ್ತು, ಆದರೆ ಎಸೆಯುವ ಮೊದಲೇ ಒಬ್ಬರ ಪಾಳಿ ತಿಂದಿರುತ್ತಿತ್ತು.

‘ಅದಾ? ನಾವೇ ಹೇಳಿ ಹಾಕ್ಸಿದ್ದು, ಒಂದು ಪ್ರತಿ ನಮ್ಮ ಹತ್ರನೂ ಇರಲಿ ಅಂತ’ ಎಂದರು ಮ್ಯಾನೇಜರ್. ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದರು.

ಸಿಸಿ ತೆಗೆಸಿಬಿಡಿ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ನಾಲ್ವರನ್ನೂ ಕೂರಿಸಿಕೊಂಡು ಹಾಳೆಯ ಮೇಲೆ ಬರೆದು ತೋರಿಸುತ್ತಿದ್ದಾಗ ತಡೆದದ್ದು ಇ. ಭದ್ರಾ ಕಾಲುವೆಯ ಅಚ್ಚುಕಟ್ಟಿನಲ್ಲಿ ಗದ್ದೆ ಇರುವ ಮನೆಯವರು. ‘ನಮ್ಮ ಕಡೆ ನೀರು ಗದ್ದೆಗೆ ಬಿದ್ದ ಮೇಲೆ ಪಾಳಿ ಮುಗೀತು ಅಂತೀವಿ ಸಾರ್. ನಿಮ್ಮದರಲ್ಲಿ ತೂಬು ಎತ್ತಿದ ತಕ್ಷಣ ಮುಗೀತು ಅಂತಿದೆಯಲ್ಲ’ ಎಂದರು. ನನ್ನ ಐದು ಸಾಲಿನ ಕೋಡನ್ನು ಇಷ್ಟು ಚುರುಕಾಗಿ ಯಾರೂ ಓದಿರಲಿಲ್ಲ. ಸಿಸಿ ತೆಗೆದರೂ ಅದೇ ಗಿರಾಕಿ ಎರಡನೇ ಸಲ ಬರೆದರೆ ಪಾಳಿ ಹಾಳಾಗುವುದೇ. ಫೋನ್ ನಂಬರೇ ಇಲ್ಲದ ಕಸದ ಪತ್ರ ಬಂದರೂ ಹಾಳಾಗುವುದೇ. ಹಾಗಾಗಿ ಸಾಲುಗಳ ಜಾಗ ಬದಲಿಸಿದೆ:

```
if (!phone || rowOf(phone)) return;
const i = Number(props.getProperty('turn') || 0);
addRow(name, phone, team[i % team.length]);
props.setProperty('turn', String(i + 1));
```

ಎಣಿಕೆ ಏರುವುದು ಕಟ್ಟಕಡೆಗೆ. ಸಾಲು ಸೇರಿದ ಮೇಲೆ, ಎಣಿಕೆ ಏರುವ ಮುಂಚೆ ಸ್ಕ್ರಿಪ್ಟ್ ಏನಾದರೂ ನಿಂತುಹೋದರೆ ಒಬ್ಬರಿಗೇ ಎರಡು ಸಲ ಗಿರಾಕಿ ಸಿಕ್ಕೀತು. ಯಾರದೋ ಪಾಳಿ ಸದ್ದಿಲ್ಲದೆ ಮಾಯವಾಗುವುದಕ್ಕಿಂತ ಅದು ವಾಸಿ, ಪಟ್ಟಿಯಲ್ಲಿ ಕಣ್ಣಿಗೆ ಕಾಣುತ್ತದೆ. ಇದರ ಸುತ್ತ ಒಂದು ಬೀಗವನ್ನೂ ಹಾಕಿದೆ, `LockService` ಎಂದು ಅದರ ಹೆಸರು. ಒಂದು ಓಟ ಮುಗಿಯುವ ಮೊದಲೇ ಇನ್ನೊಂದು ಶುರುವಾದರೆ ಎರಡೂ ಒಂದೇ ಎಣಿಕೆ ಓದಿ, ಇಬ್ಬರು ಗಿರಾಕಿಗಳನ್ನೂ ಒಬ್ಬರಿಗೇ ಕೊಟ್ಟುಬಿಡುತ್ತವೆ.

ಮತ್ತೆ ಬರೆದ ಹಳೇ ಗಿರಾಕಿಯನ್ನು ಸುಮ್ಮನೆ ಎಸೆಯುವುದು ಬೇಡ, ಮೊದಲು ಮಾತಾಡಿದವರಿಗೇ ತಿಳಿಸಿ ಎಂದು ನಾಲ್ವರೂ ಕೇಳಿದರು. ಅದನ್ನೂ ಸೇರಿಸಿದೆ. ಬಗೆಹರಿಯದೆ ಉಳಿದದ್ದು ಒಂದು. ಯಾರಾದರೂ ರಜೆ ಹಾಕಿ ಹೆಸರು ತೆಗೆದರೆ ಭಾಗಿಸುವ ಸಂಖ್ಯೆ ಬದಲಾಗಿ ಪಾಳಿ ಎಲ್ಲಿಂದಲೋ ಎಲ್ಲಿಗೋ ಜಿಗಿಯುತ್ತದೆ. 41ನ್ನು ನಾಲ್ಕರಿಂದ ಭಾಗಿಸಿದರೆ ಶೇಷ ಒಂದು, ಮೂರರಿಂದಾದರೆ ಎರಡು. ಎಣಿಕೆಯ ಬದಲು ಕೊನೆಗೆ ಗಿರಾಕಿ ಪಡೆದವರ ಹೆಸರನ್ನೇ ಇಟ್ಟುಕೊಂಡು, ಪಟ್ಟಿಯಲ್ಲಿ ಅವರ ಮುಂದಿನವರಿಗೆ ಕೊಡುವುದು ಇದಕ್ಕೆ ಸರಿಯಾದ ದಾರಿ. ರಜೆಗೊಂದು ಜಿಗಿತ ನಡೆಯುತ್ತದೆ ಬಿಡಿ ಎಂದರು, ಬಿಟ್ಟೆ.

ಆ ಎರಡನೇ ಪತ್ರ ಇವತ್ತಿಗೂ ಬರುತ್ತಿದೆ. ಸಿಸಿಯನ್ನು ಯಾರೂ ತೆಗೆಯಲಿಲ್ಲ.